"ಇದೆಯಾ? ಲಾಸ್ಟ್ ಎಷ್ಟು?": ಹಳೇ ವಾಷಿಂಗ್ ಮಷಿನ್ ಮತ್ತು ಐದು ಸಾಲಿನ ಉತ್ತರ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮಕ್ಕನ ಮನೆ. ಭಾವನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಮೇ ಕೊನೆಯೊಳಗೆ ಮನೆ ಖಾಲಿ ಮಾಡಬೇಕು. ಅಲ್ಲಿ ಸಿಕ್ಕ ಮನೆಯಲ್ಲಿ ಓನರ್ ಆಗಲೇ ಒಂದು ವಾಷಿಂಗ್ ಮಷಿನ್ ಇಟ್ಟಿದ್ದರು. ಹಾಗಾಗಿ ಇಲ್ಲಿನದನ್ನು ಮಾರಿಬಿಡೋಣ ಎಂದು ತೀರ್ಮಾನಿಸಿದರು. ಮುಂದೆ ಬಾಗಿಲಿರುವ ಫ್ರಂಟ್ ಲೋಡ್ ಮಷಿನ್, ಆರೂವರೆ ಕೆಜಿಯದು, ಐದು ವರ್ಷ ಹಳೆಯದು. ಕೊಂಡಾಗ 24,500 ರೂಪಾಯಿ. ಚೆನ್ನಾಗಿ ಓಡುತ್ತಿತ್ತು, ಆದರೆ ಬಾಗಿಲಿನ ಸುತ್ತ ಇರುವ ದಪ್ಪ ರಬ್ಬರ್ ಕೆಳಗಡೆ ಎರಡು ಇಂಚು ಸೀಳಿತ್ತು. ಬಟ್ಟೆ ಜಾಸ್ತಿ ತುಂಬಿದರೆ ಅಲ್ಲಿಂದ ಒಂದೆರಡು ಹನಿ ನೀರು ಬರುತ್ತಿತ್ತು. ಅದನ್ನು ಬದಲಿಸಲು ಮೆಕ್ಯಾನಿಕ್ 1,800 ಕೇಳಿದ್ದ.

ಮಾರುವ ಮುಂಚೆ ಭಾವ ಎರಡು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ವಿಚಾರಿಸಿದ್ದರು. ಒಬ್ಬರು 5,000 ಅಂದರು, ಇನ್ನೊಬ್ಬರು 5,500. ಅಂಗಡಿಯವರು ರಿಪೇರಿ ಮಾಡಿ, ಲಾಭ ಇಟ್ಟು ಮಾರಬೇಕಲ್ಲ, ಅವರ ಲೆಕ್ಕ ಅವರದು. ನೇರವಾಗಿ ಮನೆಯವರಿಗೇ ಮಾರಿದರೆ ಇನ್ನೂ ಜಾಸ್ತಿ ಬರುತ್ತದೆ ಎಂದು ಮೊಬೈಲ್‌ನಲ್ಲಿ 11,500ಕ್ಕೆ ಜಾಹೀರಾತು ಹಾಕಿದರು. ಒಳಗೊಳಗೇ ಇಟ್ಟುಕೊಂಡ ಬೆಲೆ 9,000. ಅದಕ್ಕಿಂತ ಕೆಳಗೆ ಇಳಿಯಬಾರದು ಅಂತ ಇಬ್ಬರೂ ಮಾತಾಡಿಕೊಂಡಿದ್ದರು.

ಜಾಹೀರಾತು ಹಾಕಿದ್ದು ಶನಿವಾರ. ಗುರುವಾರದ ಹೊತ್ತಿಗೆ ಹದಿನೇಳು ಮೆಸೇಜು ಬಂದಿದ್ದವು, ಮಷಿನ್ ಮಾತ್ರ ಅಲ್ಲೇ ಇತ್ತು. ಅಕ್ಕ ಫೋನ್ ಮಾಡಿ, "ಎಲ್ಲರೂ ಇದೆಯಾ ಅಂತಾರೆ, ಇದೆ ಅಂದ ತಕ್ಷಣ ಮಾಯ ಆಗ್ತಾರೆ ಕಣೋ" ಎಂದಳು. ಸಂಜೆ ಹೋಗಿ ಅವಳ ಫೋನ್ ಇಸ್ಕೊಂಡು ಹದಿನೇಳನ್ನೂ ಕೂತು ಓದಿದೆ.

ಹನ್ನೊಂದು ಮೆಸೇಜುಗಳು ಅಕ್ಷರ ಅಕ್ಷರ ಒಂದೇ ಆಗಿದ್ದವು: "Is this available?" ಇದನ್ನು ಯಾರೂ ಕೈಯಾರೆ ಬರೆದಿರಲಿಲ್ಲ. ಆಪ್‌ನಲ್ಲಿ ಆ ಸಾಲು ತಾನೇ ಸಿದ್ಧವಾಗಿರುತ್ತದೆ, ಬೆರಳು ತಾಗಿಸಿದರೆ ಸಾಕು. ಅದನ್ನು ಒತ್ತುವವರು ಅದೇ ಹೊತ್ತಿನಲ್ಲಿ ಇನ್ನೂ ನಾಲ್ಕಾರು ಮಷಿನ್‌ಗಳಿಗೂ ಒತ್ತಿರುತ್ತಾರೆ. ಅವರಿಗೆ ಅಕ್ಕ ಕೊಟ್ಟ ಉತ್ತರ "ಇದೆ" ಅಷ್ಟೇ. ಆ ಒಂದು ಪದ ಓದಿದವರು ಮುಂದೇನು ಮಾಡಬೇಕು? ಮತ್ತೊಂದು ಪ್ರಶ್ನೆಯನ್ನು ಅವರೇ ಯೋಚಿಸಿ ಟೈಪ್ ಮಾಡಬೇಕು. ಅಷ್ಟರಲ್ಲಿ ಇನ್ನೊಬ್ಬ ಮಾರುವವನು ಇನ್ನೆರಡು ಸಾಲು ಬರೆದಿದ್ದರೆ ಮಾತು ಅತ್ತ ಹೋಗುತ್ತದೆ. ಮಾಯವಾಗುವುದು ಅಂದರೆ ಇಷ್ಟೇ.

ಉಳಿದವರು ಕೈಯಾರೆ ಬರೆದವರು. "ideya madam, last estu" ಅನ್ನೋ ಧಾಟಿ. ಇವರಿಗೆ ಅಕ್ಕ ಧಾರಾಳವಾಗಿ "ಲಾಸ್ಟ್ 10,000" ಎಂದು ಬರೆದುಬಿಟ್ಟಿದ್ದಳು. ಅವರಲ್ಲಿ ಒಬ್ಬರು ಮೆಸೇಜಿನಲ್ಲೇ ಎಳೆದು ಎಳೆದು 9,500ಕ್ಕೆ ಇಳಿಸಿದರು. ಮಂಗಳವಾರ ಮನೆಗೇ ಬಂದರು. ರಬ್ಬರ್ ಸೀಳಿದ್ದು ಅವರಿಗೆ ಗೊತ್ತೇ ಇರಲಿಲ್ಲ, ಜಾಹೀರಾತಿನ ಫೋಟೋದಲ್ಲಿ ಅದು ಕಾಣುತ್ತಿರಲಿಲ್ಲ. ಬಾಗಿಲು ತೆಗೆದು ನೋಡಿದವರೇ, "ಇದನ್ನ ನೀವು ಹೇಳಲೇ ಇಲ್ವಲ್ಲ" ಅಂದರು. ಅಲ್ಲಿಂದ ಚೌಕಾಸಿ ಹೊಸದಾಗಿ ಶುರುವಾಯಿತು, 9,500ರಿಂದ ಕೆಳಕ್ಕೆ. 7,500 ಅಂದು, ಅಕ್ಕ ಒಪ್ಪದಿದ್ದಾಗ ಎದ್ದು ಹೋದರು.

ನನಗೆ ಈ ಪ್ರಕರಣದ ಗಂಟು ಸಿಕ್ಕಿದ್ದು ಇಲ್ಲಿ. ಮೆಸೇಜಿನಲ್ಲಿ ಹೇಳಿದ ಲಾಸ್ಟ್ ಬೆಲೆ ಮನೆ ಬಾಗಿಲಲ್ಲಿ ಫಸ್ಟ್ ಬೆಲೆ ಆಗುತ್ತದೆ. ಇಷ್ಟು ದೂರ ಬಂದಮೇಲೆ ಎದುರಿಗೆ ನಿಂತು ಇನ್ನೊಂದಿಷ್ಟು ಕೇಳದೆ ಯಾರೂ ಬಿಡುವುದಿಲ್ಲ. ನಾನೇ ಕೊಳ್ಳಲು ಹೋದರೂ ಕೇಳುತ್ತೇನೆ. ಅದಕ್ಕೆ ಅಂತ ಒಂದಷ್ಟು ಜಾಗ ಉಳಿಸಿಕೊಳ್ಳಬೇಕು. ಎರಡನೆಯದು, ಮುಚ್ಚಿಟ್ಟ ದೋಷ ಅದರ ನಿಜವಾದ ಖರ್ಚಿಗಿಂತ ಜಾಸ್ತಿ ಕತ್ತರಿಸುತ್ತದೆ. ರಬ್ಬರಿಗೆ ಬೇಕಿದ್ದುದು 1,800. ಬಂದವರು ಇಳಿಸಿದ್ದು 2,000. ಆ ಇನ್ನೂರಕ್ಕಿಂತ ಹೆಚ್ಚಾಗಿ ಇನ್ನೇನು ಮುಚ್ಚಿಟ್ಟಿದ್ದಾರೋ ಅನ್ನೋ ಅನುಮಾನ ಅವರ ಮುಖದಲ್ಲಿ ಬಂತಂತೆ. ಆಮೇಲೆ ಅಕ್ಕ ಏನು ಹೇಳಿದರೂ ಅವರು ನಂಬಲಿಲ್ಲ.

ಬುಧವಾರ ಭಾವ ಬೇಸತ್ತು ತಾವೇ ಒಂದು ಉತ್ತರ ಬರೆದಿದ್ದರು. "ಇದೆ. ಫಿಕ್ಸೆಡ್ ಪ್ರೈಸ್. ಟೈಮ್‌ಪಾಸ್ ಮಾಡುವವರು ಮೆಸೇಜ್ ಮಾಡಬೇಡಿ." ಮೂವರಿಗೆ ಇದನ್ನು ಕಳಿಸಿದ್ದರು, ಮೂವರೂ ತೆಪ್ಪಗಾದರು. ಟೈಮ್‌ಪಾಸ್ ಮಾಡುವವರಿಗೆ ಇಂಥ ಸಾಲು ತಾಗುವುದಿಲ್ಲ, ಅವರು ಇನ್ನೊಂದು ಬಟನ್ ಒತ್ತಿಕೊಂಡು ಹೋಗುತ್ತಾರೆ. ನಿಜವಾಗಿ ಬೇಕಿದ್ದವರು ಮಾತ್ರ, ಈ ಮನೆಯವರ ಸಹವಾಸ ಬೇಡಪ್ಪಾ ಅಂದುಕೊಳ್ಳುತ್ತಾರೆ. ಜೊತೆಗೆ ಅದು ಸುಳ್ಳು ಬೇರೆ. ಬೆಲೆ ಫಿಕ್ಸೆಡ್ ಆಗಿರಲಿಲ್ಲವಲ್ಲ, 9,000ಕ್ಕೆ ಇಳಿಯಲು ಮನೆಯಲ್ಲಿ ತಯಾರಿದ್ದರು.

ಇನ್ನೊಂದು ಮೆಸೇಜು ಬೇರೆಯದೇ ಜಾತಿಯದು. ತಾನು ಸೇನೆಯಲ್ಲಿದ್ದೇನೆ, ಈಗಷ್ಟೇ ಮೈಸೂರಿಗೆ ಪೋಸ್ಟಿಂಗ್ ಆಗಿದೆ, 11,500 ಪೂರ್ತಿ ಕೊಡುತ್ತೇನೆ, ನೋಡುವುದು ಬೇಡ, ಕ್ಯೂಆರ್ ಕೋಡ್ ಕಳಿಸುತ್ತೇನೆ, ಸ್ಕ್ಯಾನ್ ಮಾಡಿದರೆ ದುಡ್ಡು ನಿಮ್ಮ ಖಾತೆಗೆ ಬರುತ್ತದೆ. ಇದು ಹಳೇ ಮೋಸ. ಯುಪಿಐನಲ್ಲಿ ದುಡ್ಡು ಪಡೆಯಲು ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗುವುದು ನಮ್ಮ ಖಾತೆಯಿಂದಲೇ. ಅಕ್ಕ ಫೋನ್ ಕೈಯಲ್ಲಿ ಹಿಡಿದಿದ್ದಳಂತೆ, ಭಾವ ಬಂದು ತಡೆದರು. ದುಡ್ಡು ಹೋಗಿಬಿಟ್ಟಿದ್ದರೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಬೇಕಿತ್ತು, ಅದು ಸೈಬರ್ ವಂಚನೆಯ ಸಹಾಯವಾಣಿ. ಇಲ್ಲಿ ಒಂದು ಗುರುತು ಇದೆ. ಐದು ವರ್ಷದ ಹಳೇ ಮಷಿನ್ನಿಗೆ ಚೌಕಾಸಿಯೂ ಇಲ್ಲ, ನೋಡೋದೂ ಬೇಡ ಅಂದರೆ ಅವನಿಗೆ ಬೇಕಿರುವುದು ಮಷಿನ್ ಅಲ್ಲ. ಕಮ್ಮಿ ಆಗುತ್ತಾ ಅಂತ ಪೀಡಿಸುವವರ ಮೇಲೆ ನನಗೆ ಗೌರವ ಹುಟ್ಟಿದ್ದೇ ಆವತ್ತು.

ಗುರುವಾರ ರಾತ್ರಿ ನಾನು ಬರೆದ ಮೊದಲ ಕರಡು ಹನ್ನೆರಡು ಸಾಲಿತ್ತು. ಕೊಂಡ ವರ್ಷ, ಸರ್ವಿಸ್ ಮಾಡಿಸಿದ್ದು, ರಬ್ಬರ್, ಪೈಪು, ಸ್ಟ್ಯಾಂಡು, ವಿಳಾಸ, ಹುಬ್ಬಳ್ಳಿಗೆ ಹೋಗುತ್ತಿರುವ ಕಥೆ, ಎಲ್ಲ. ಇಬ್ಬರಿಗೆ ಕಳಿಸಿದೆ. ಒಬ್ಬರು ಉತ್ತರಿಸಿದರು: "ok. last?" ಬೆಲೆಯ ಬಗ್ಗೆ ಒಂಬತ್ತನೇ ಸಾಲಿನಲ್ಲಿ ಬರೆದಿದ್ದೆ, ಅವರು ಅಲ್ಲಿಯವರೆಗೆ ಬಂದೇ ಇರಲಿಲ್ಲ. ಫೋನ್ ಪರದೆ ಮೇಲೆ ಮೆಸೇಜು ನೋಟಿಫಿಕೇಶನ್ ಆಗಿ ಬಂದಾಗ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ. ಅವರು ಕೇಳಿದ್ದು ಎರಡೇ ಪ್ರಶ್ನೆ, ಆ ಎರಡಕ್ಕೂ ಉತ್ತರ ಅಲ್ಲೇ ಮೇಲೇ ಇರಬೇಕು. ಇನ್ನು ವರ್ಗವಾಗಿ ಹೋಗುತ್ತಿದ್ದೇವೆ ಎಂದು ಬರೆದದ್ದು ನನ್ನ ದೊಡ್ಡ ಪೆದ್ದತನ. ತಿಂಗಳ ಕೊನೆಯೊಳಗೆ ಖಾಲಿ ಮಾಡಬೇಕು ಅಂತ ಗೊತ್ತಾದರೆ ಯಾರು ತಾನೇ ಪೂರ್ತಿ ಬೆಲೆ ಕೊಡುತ್ತಾರೆ? ಯಾಕೆ ಮಾರ್ತಿದ್ದೀರಿ ಅಂತ ಕೇಳಿದರೆ ನಿಜವನ್ನೇ ಹೇಳಬೇಕು. ಕೇಳದೆ ಹೇಳುವ ಅಗತ್ಯ ಇಲ್ಲ.

ಕತ್ತರಿಸಿ ಕತ್ತರಿಸಿ ಕೊನೆಗೆ ಉಳಿದದ್ದು ಇದು:

"ನಮಸ್ಕಾರ, ಮಷಿನ್ ಇನ್ನೂ ಇದೆ. 11,500 ಹಾಕಿದ್ದೀವಿ, ನೋಡಿದ ಮೇಲೆ ಸ್ವಲ್ಪ ಹೆಚ್ಚುಕಮ್ಮಿ ಮಾಡಬಹುದು. ಬಾಗಿಲಿನ ರಬ್ಬರ್ ಕೆಳಗಡೆ ಸೀಳಿದೆ, ಫೋಟೋ ಕಳಿಸಿದ್ದೀನಿ, ಬೇರೆ ಏನೂ ತೊಂದರೆ ಇಲ್ಲ. ಕುವೆಂಪುನಗರಕ್ಕೆ ಬಂದರೆ ಓಡಿಸಿ ತೋರಿಸ್ತೀವಿ, ದುಡ್ಡು ಆಮೇಲೆ ಇಲ್ಲೇ. ಶನಿವಾರ ಸಂಜೆನಾ, ಭಾನುವಾರ ಬೆಳಿಗ್ಗೆನಾ, ನಿಮಗೆ ಯಾವುದು ಅನುಕೂಲ?"

ಮೊದಲ ಪ್ರಶ್ನೆಗೆ ಇಲ್ಲಿ ಪೂರ್ತಿ ಉತ್ತರ ಇದೆ, ಎರಡನೆಯದಕ್ಕೆ ಬೇಕಂತಲೇ ಅರ್ಧ. ಕಮ್ಮಿ ಆಗುತ್ತದೆ ಎಂದು ಒಪ್ಪಿಕೊಂಡಿದೆ, ಎಷ್ಟು ಎಂದು ಹೇಳಿಲ್ಲ, ಯಾವಾಗ ಎಂದು ಹೇಳಿದೆ: ನೋಡಿದ ಮೇಲೆ. ಆ ಮೂರನೆಯದು ಇಲ್ಲದಿದ್ದರೆ ಮೊದಲೆರಡು ಬರೀ ನುಣುಚಿಕೊಂಡ ಹಾಗೆ ಕಾಣುತ್ತವೆ. "ಸ್ವಲ್ಪ" ಅನ್ನೋ ಪದಕ್ಕೂ ಇಲ್ಲಿ ಕೆಲಸ ಇದೆ. ಹನ್ನೊಂದು ಸಾವಿರದ ಸಾಮಾನಿಗೆ ಸ್ವಲ್ಪ ಅಂದರೆ ಐನೂರೋ ಸಾವಿರವೋ ಅಂತ ನಮ್ಮ ಕಡೆ ಎಲ್ಲರಿಗೂ ಅರ್ಥವಾಗುತ್ತದೆ. 6,000ಕ್ಕೆ ಕೇಳುವವರಲ್ಲಿ ಹೆಚ್ಚಿನವರು ಅಲ್ಲೇ ನಿಂತುಬಿಡುತ್ತಾರೆ. ಹೆಚ್ಚುಕಮ್ಮಿ ಅನ್ನೋದೂ ಮಜಾ ಪದ. ಹೆಚ್ಚು ಮಾಡಿದವರನ್ನು ನಾನಂತೂ ಇದುವರೆಗೆ ಕಂಡಿಲ್ಲ, ಆದರೂ ಬರೀ "ಕಮ್ಮಿ ಮಾಡ್ತೀವಿ" ಅನ್ನೋದಕ್ಕಿಂತ ಅದರಲ್ಲಿ ಮರ್ಯಾದೆ ಇದೆ.

ರಬ್ಬರಿನ ಮಾತು ಬೇಡವೇ ಬೇಡ ಎಂದು ಅಕ್ಕ ಹಟ ಹಿಡಿದಳು. "ಮೊದಲೇ ಹೇಳಿದ್ರೆ ಬರೋದೇ ಇಲ್ಲ." ಬರದೇ ಇರುವವರು ಬಂದು ನೋಡಿದ ಮೇಲೂ ಕೊಳ್ಳುವುದಿಲ್ಲ, ಮಂಗಳವಾರದ ಕಥೆ ನೆನಪಿಸಿಕೋ ಅಂದೆ. ದುಡ್ಡು ಆಮೇಲೆ ಇಲ್ಲೇ ಅನ್ನೋ ಮೂರು ಪದ ಕ್ಯೂಆರ್ ಕೋಡಿನವನಿಗಾಗಿ. ಪ್ರಾಮಾಣಿಕ ಗಿರಾಕಿಗೆ ಅದು ಧೈರ್ಯ ಕೊಡುತ್ತದೆ, ಅಡ್ವಾನ್ಸ್ ಕೇಳಲ್ಲ ಅಂತ. ಮೋಸ ಮಾಡುವವನಿಗೆ ದಾರಿ ಮುಚ್ಚುತ್ತದೆ. ಕೊನೆಯ ಪ್ರಶ್ನೆಗೆ ಒಂದೇ ಪದದಲ್ಲಿ ಉತ್ತರ ಕೊಡಬಹುದು. "ಯಾವಾಗ ಬರ್ತೀರಿ" ಅಂತ ಬಿಟ್ಟರೆ "ಹೇಳ್ತೀನಿ" ಅಂತ ಬರುತ್ತದೆ, ಆಮೇಲೆ ಯಾರೂ ಹೇಳುವುದಿಲ್ಲ.

ಶುಕ್ರವಾರ ಈ ಉತ್ತರ ಐವರಿಗೆ ಹೋಯಿತು. ಇಬ್ಬರು ಸುಮ್ಮನಾದರು. ಒಬ್ಬರು ವರ್ಷ, ಕಂಪನಿ ಏನನ್ನೂ ಕೇಳದೆ "6,000 ಕ್ಯಾಶ್, ಈಗಲೇ ಗಾಡಿ ಕಳಿಸ್ತೀನಿ" ಅಂದರು. ಅಂಗಡಿಯವರೇ ಇರಬೇಕು ಎಂದು ಅಂದಾಜು. ಮನೆಗೆ ಕೊಳ್ಳುವವರು ಗಾಡಿಗಿಂತ ಮೊದಲು ಬಾತ್‌ರೂಮಿನಲ್ಲಿ ಜಾಗ ಸಾಲುತ್ತದೆಯೇ ಎಂದು ಅಳತೆ ಕೇಳುತ್ತಾರೆ. "ಅಷ್ಟಕ್ಕೆ ಆಗಲ್ಲ ಸರ್, ಥ್ಯಾಂಕ್ಸ್" ಎಂದು ಅಲ್ಲಿಗೇ ಮುಗಿಸಿದೆ. ಇಂಥವರ ಜೊತೆ ವಾದಕ್ಕೆ ಇಳಿಯಬಾರದು. ನಾಲ್ಕನೆಯವರು ಶನಿವಾರ ಅಂದು ಬರಲಿಲ್ಲ.

ಐದನೆಯವರು ನಂಜನಗೂಡಿನವರು. ರಾತ್ರಿ ಒಂಬತ್ತರ ಹತ್ತಿರ ಬರೆದರು: "ಮೇಡಂ ಲಾಸ್ಟ್ ಹೇಳಿಬಿಡಿ, ದೂರದಿಂದ ಬರಬೇಕು, ಲಗೇಜ್ ಆಟೋ ಮಾಡ್ಕೊಂಡೇ ಬರ್ತೀನಿ." ನನ್ನ ನಿಯಮ ಇಲ್ಲಿ ಸ್ವಲ್ಪ ಬಗ್ಗಬೇಕಾಯಿತು. ಪಕ್ಕದ ರಸ್ತೆಯವರಿಗೆ ಬಂದು ನೋಡಿ ಅನ್ನಬಹುದು. ಇಪ್ಪತ್ತು ಕಿಲೋಮೀಟರಿನಾಚೆಯಿಂದ ಆಟೋ ಬಾಡಿಗೆ ಕೊಟ್ಟು ಬರುವವರಿಗೆ ಏನೂ ಹೇಳದೆ ಬನ್ನಿ ಅಂದರೆ ಅದು ಅನ್ಯಾಯ, ಅವರು ಬರುವುದೂ ಇಲ್ಲ. ಹಾಗಂತ 9,000 ಅಂದುಬಿಟ್ಟರೆ ಮತ್ತೆ ಮಂಗಳವಾರದ ಕಥೆಯೇ. ಕೊನೆಗೆ ಹೀಗೆ ಬರೆದೆ: "ಸರ್, ಎಂಟು ಸಾವಿರದ ಲೆಕ್ಕದಲ್ಲಿದ್ದರೆ ಬರಬೇಡಿ, ಸುಮ್ನೆ ಓಡಾಟ. ಹತ್ತು ಸಾವಿರದ ಆಚೀಚೆ ನಿಮಗೆ ಆಗುತ್ತೆ ಅಂದ್ರೆ ಬನ್ನಿ, ನಿಮ್ಮ ಬಾಡಿಗೆ ದಂಡ ಆಗಲ್ಲ." ಇದರಲ್ಲಿ ಲಾಸ್ಟ್ ಬೆಲೆ ಇಲ್ಲ, ಆದರೆ ಪ್ರಯಾಣ ಮಾಡಬೇಕೋ ಬೇಡವೋ ಎಂದು ನಿರ್ಧರಿಸಲು ಬೇಕಾದಷ್ಟು ಇದೆ. ಅವರಿಗೆ ಬೇಕಿದ್ದದ್ದೂ ಅದೇ.

ತಕ್ಷಣ ಬೇರೆ ಥರದ ಪ್ರಶ್ನೆ ಬಂತು. "ನಮ್ಮದು ಕೆಳಗಿನ ಮನೆ, ಟ್ಯಾಂಕ್ ಒಂದಾಳೆತ್ತರದಲ್ಲಿದೆ, ನೀರು ಹತ್ತುತ್ತಾ?" ಓದಿ ಖುಷಿಯಾಯಿತು. ಫ್ರಂಟ್ ಲೋಡ್ ಮಷಿನ್ನಿಗೆ ನೀರಿನ ಒತ್ತಡ ಬೇಕು. ಟ್ಯಾಂಕ್ ತೀರಾ ಕೆಳಗಿದ್ದರೆ ನೀರು ತುಂಬುವುದು ತಡವಾಗಿ, ಮಷಿನ್ ಎರರ್ ತೋರಿಸಿ ನಿಂತುಬಿಡುತ್ತದೆ. ಇದನ್ನು ಕೇಳುವವರು ಮಷಿನ್ ಆಗಲೇ ತಮ್ಮ ಮನೆಯಲ್ಲಿ ನಿಂತಂತೆ ಯೋಚಿಸುತ್ತಿದ್ದಾರೆ ಅಂತ ಅರ್ಥ. ಅಕ್ಕನ ಮನೆಯಲ್ಲಿ ತಾರಸಿ ಟ್ಯಾಂಕಿನ ನೀರಲ್ಲೇ ಓಡುತ್ತಿದೆ, ನಿಮ್ಮ ಎತ್ತರ ಸಾಲದೇ ಹೋಗಬಹುದು, ಮೆಕ್ಯಾನಿಕ್‌ನ ಒಂದು ಮಾತು ಕೇಳಿ, ಸಣ್ಣ ಪ್ರೆಶರ್ ಪಂಪ್ ಬೇಕಾಗಬಹುದು ಎಂದು ಬರೆದೆ. ಗಿರಾಕಿ ತಪ್ಪಿಹೋಗುವ ಉತ್ತರ ಅದು. ಅವರು ವಿಚಾರಿಸಿ, ಟ್ಯಾಂಕ್ ಮಹಡಿಗೆ ಏರಿಸುವುದು ಹೇಗೂ ಇತ್ತು ಎಂದು ಶನಿವಾರ ಬೆಳಿಗ್ಗೆ ತಿಳಿಸಿದರು. ಭಾನುವಾರ 10 ಗಂಟೆ ಎಂದು ನಿಗದಿಯಾಯಿತು.

ಶನಿವಾರ ಸಂಜೆ ಬೋಗಾದಿಯಿಂದ ಒಬ್ಬ ಹೆಂಗಸು ಅದೇ ಪ್ರಶ್ನೆ ಕೇಳಿದರು, ಇದೆಯಾ, ಕಮ್ಮಿ ಆಗುತ್ತಾ. ಈಗ ಆ ಸಿದ್ಧ ಉತ್ತರ ಕಳಿಸಿದರೆ ಅರ್ಧ ಸುಳ್ಳು. ಹೀಗೆ ಬದಲಿಸಿದೆ: "ಇದೆ ಮೇಡಂ, ಆದರೆ ನಾಳೆ 10ಕ್ಕೆ ಒಬ್ಬರು ನೋಡೋಕೆ ಬರ್ತಿದ್ದಾರೆ. ಅವರು ಬಿಟ್ಟರೆ 12ರೊಳಗೆ ನಿಮಗೇ ಮೊದಲು ಹೇಳ್ತೀನಿ." ಯಾರೂ ಬರುತ್ತಿಲ್ಲದಿದ್ದರೂ ಹೀಗೆ ಬರೆಯುವವರು ಬೇಕಾದಷ್ಟು ಜನ, ಅದಕ್ಕೇ ಈ ಮಾತಿಗೆ ಬೆಲೆ ಕಮ್ಮಿ. ಗಂಟೆ ಹೇಳಿದರೆ ಸ್ವಲ್ಪ ನಂಬಿಕೆ ಬರುತ್ತದೆ. ಆಕೆ 500 ಟೋಕನ್ ಕಳಿಸಲಾ ಅಂದರು. ಅಕ್ಕನಿಗೆ ಆಸೆಯಾಯಿತು. ಟೋಕನ್ ಇಸ್ಕೊಂಡರೆ ನಂಜನಗೂಡಿನವರಿಗೆ ಬರಬೇಡಿ ಅನ್ನಬೇಕು, ಇಲ್ಲವೇ ಒಂದು ಮಷಿನ್ನನ್ನು ಇಬ್ಬರಿಗೆ ಒಪ್ಪಿಕೊಳ್ಳಬೇಕು. ಬೇಡ ಅಂದೆವು.

ಭಾನುವಾರ ನಂಜನಗೂಡಿನವರು ಹೇಳಿದ ಹೊತ್ತಿಗೆ ಬಂದರು. ಹದಿನೈದು ನಿಮಿಷದ ಪ್ರೋಗ್ರಾಂ ಹಾಕಿ ತೋರಿಸಿದೆವು. ಕೊನೆಯಲ್ಲಿ ಡ್ರಮ್ ಜೋರಾಗಿ ತಿರುಗುವಾಗ ಮಷಿನ್ ಮೇಲೆ ಕೈಯಿಟ್ಟು ಅದರುವಿಕೆ ನೋಡಿದರು, ಗೊತ್ತಿದ್ದವರು. ರಬ್ಬರನ್ನು ಎಳೆದು ನೋಡಿ, "ಫೋಟೋದಲ್ಲಿ ಇದ್ದಷ್ಟೇ ಇದೆ" ಅಂದರು. ಅಷ್ಟೇ, ಮತ್ತೆ ಆ ಮಾತೇ ಎತ್ತಲಿಲ್ಲ. 9,500ಕ್ಕೆ ಕೇಳಿದರು, ಅಕ್ಕ 10,300 ಅಂದಳು, 10,000ಕ್ಕೆ ವ್ಯಾಪಾರ ಕುದುರಿತು.

ಅಲ್ಲಿಗೆ ಮುಗಿಯಬೇಕಿತ್ತು. ಮನೆ ಇರುವುದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಅವರು ಬಂದದ್ದು ಆಟೋ ಡ್ರೈವರ್ ಜೊತೆ, ಇಬ್ಬರೇ. ಇಂಥ ಮಷಿನ್ನಿನೊಳಗೆ ಡ್ರಮ್ ಕುಣಿಯದಿರಲಿ ಎಂದು ಕಾಂಕ್ರೀಟಿನ ಗಟ್ಟಿ ಇಟ್ಟಿರುತ್ತಾರೆ, ಒಟ್ಟು ತೂಕ ಅರವತ್ತು ಕೆಜಿ ಆಸುಪಾಸು ಇರುತ್ತದೆ. ಕಿರಿದಾದ ಮೆಟ್ಟಿಲಲ್ಲಿ ಇಬ್ಬರಿಂದ ಆಗದ ಮಾತು. ಭಾವನಿಗೆ ಬೆನ್ನುನೋವು, ನಾನೊಬ್ಬ ಸೇರಿದರೂ ಸಾಲದು. ಡ್ರಮ್ಮನ್ನು ಬಿಗಿದಿಡುವ ಬೋಲ್ಟುಗಳು ಅದೃಷ್ಟಕ್ಕೆ ಅಡುಗೆಮನೆ ಡ್ರಾಯರಿನಲ್ಲಿ ಸಿಕ್ಕವು, ನಾಲ್ಕರಲ್ಲಿ ಮೂರು. ಅವಿಲ್ಲದೆ ದೂರ ಸಾಗಿಸಿದರೆ ಒಳಗಿನ ಸ್ಪ್ರಿಂಗು ಕಳಚಬಹುದು. ಹತ್ತಿರದಲ್ಲಿ ಸಾಮಾನು ಇಳಿಸುತ್ತಿದ್ದ ಇಬ್ಬರನ್ನು ಕರೆದರೆ 600 ಕೇಳಿದರು. "ಮಹಡಿ ಅಂತ ಮೊದಲೇ ಹೇಳಿದ್ರೆ ಮನೆಯಿಂದ ಹುಡುಗರನ್ನ ಕರ್ಕೊಂಡು ಬರ್ತಿದ್ದೆ" ಅಂದರು ಗಿರಾಕಿ. ಅವರು ಹೇಳಿದ್ದು ನ್ಯಾಯ. ಮಷಿನ್ನಿನ ದೋಷ ಬರೆದಿದ್ದೆ, ಮನೆಯ ದೋಷ ಬಿಟ್ಟಿದ್ದೆ. ಅರ್ಧ ಕೂಲಿ ನಮ್ಮದು ಎಂದು ಅಕ್ಕನೇ 9,700ಕ್ಕೆ ಒಪ್ಪಿದಳು. ಅವರು ಯುಪಿಐ ಮಾಡಿ ಫೋನ್ ತೋರಿಸಿದರು. ಅವರ ಪರದೆ ನೋಡಿ ಸುಮ್ಮನಾಗದೆ ಅಕ್ಕ ತನ್ನ ಬ್ಯಾಂಕಿನ ಖಾತೆ ತೆರೆದು ನೋಡಿದ ಮೇಲೆಯೇ ಮಷಿನ್ ಮೆಟ್ಟಿಲಿಳಿಯಿತು.

11:20ಕ್ಕೆ ಬೋಗಾದಿಯವರಿಗೆ "ಮಷಿನ್ ಈಗಷ್ಟೇ ಹೋಯಿತು ಮೇಡಂ, ಕಾದಿದ್ದಕ್ಕೆ ಥ್ಯಾಂಕ್ಸ್" ಎಂದು ಕಳಿಸಿದೆ. ಜಾಹೀರಾತು ತೆಗೆಯುವುದು ಮರೆತುಹೋಗಿ ಮಂಗಳವಾರದವರೆಗೂ "Is this available?" ಬರುತ್ತಲೇ ಇತ್ತು.

ಆ ವಾರವೇ ಕಬ್ಬಿಣದ ಬೀರುವನ್ನೂ ಮಾರಾಟಕ್ಕೆ ಇಟ್ಟರು. ಅದಕ್ಕೆ ಅಕ್ಕನೇ ಉತ್ತರ ಬರೆದಿಟ್ಟುಕೊಂಡಳು: "ನಮಸ್ಕಾರ, ಬೀರು ಇನ್ನೂ ಇದೆ. 6,000 ಹಾಕಿದ್ದೀವಿ, ನೋಡಿದ ಮೇಲೆ ಸ್ವಲ್ಪ ಹೆಚ್ಚುಕಮ್ಮಿ. ಒಳಗಿನ ಲಾಕರ್ ಕೀಲಿ ಒಂದೇ ಇದೆ. ಎರಡನೇ ಮಹಡಿ, ಲಿಫ್ಟ್ ಇಲ್ಲ, ಮೂರು ಜನ ಬೇಕು. ಬುಧವಾರ ಸಂಜೆನಾ, ಗುರುವಾರನಾ?" ಬುಧವಾರ ಸಂಜೆ ಬಂದವರು ತಮ್ಮ ಇಬ್ಬರು ಅಳಿಯಂದಿರನ್ನೂ ಒಂದು ದಪ್ಪ ಹಗ್ಗವನ್ನೂ ತಂದಿದ್ದರು. 5,600ಕ್ಕೆ ಒಯ್ದರು.